ಚಿತ್ರವಾದ ಪುಟದಲ್ಲಿ ಊರ ಹೆಸರು ಬದಲಿಸುವುದು

2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಆ ಊರಿನ ಜೊತೆ ಒಣದ್ರಾಕ್ಷಿ ವ್ಯವಹಾರವಿರುವ ಮಾಲಗಾಂವದ ಬೆಳೆಗಾರರೊಬ್ಬರ ಹಳೆಯ ಎಂಟು ಪುಟದ ಕಿರುಪುಸ್ತಿಕೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂಲ ಕಡತ ಕಳೆದುಹೋಗಿದೆ, ಉಳಿದಿರುವುದು ಸ್ಕ್ಯಾನ್ ಮಾಡಿದ ಪುಟಗಳು ಮಾತ್ರ. ಪ್ರತಿ ಪುಟದ ಅಡಿಯಲ್ಲೂ ಒಂದು ಅಡ್ಡಗೆರೆ, ಅದರ ಕೆಳಗೆ ‘ಸಾಂಗ್ಲಿ, ತಾಸಗಾಂವ, ಬಿಜಾಪುರದ ಒಣದ್ರಾಕ್ಷಿ’ ಎಂಬ ಸಾಲು. ಇಲ್ಲಿ ಅಕ್ಷರಗಳೆಲ್ಲ ಬರೀ ಚುಕ್ಕೆಗಳು. ಹುಡುಕಿ ಬದಲಿಸುವ ಆಜ್ಞೆಗೆ ಅವು ಸಿಗುವುದಿಲ್ಲ.

‘ಬಿಜಾಪುರ’ಕ್ಕೆ ನಾಲ್ಕು ಅಕ್ಷರ, ‘ವಿಜಯಪುರ’ಕ್ಕೆ ಐದು. ಹೊಸ ಪದ 30 ಪಿಕ್ಸೆಲ್ ಅಗಲ ಹೆಚ್ಚು ಬೇಡುತ್ತದೆ ಎನ್ನಿ. ಪದವನ್ನು ಅಡ್ಡಕ್ಕೆ ಹಿಸುಕಿದರೆ ಅದರ ಗೆರೆಗಳು ತೆಳುವಾಗಿ, ತೇಪೆ ಹಾಕಿದ್ದು ದೂರದಿಂದಲೇ ಕಾಣುತ್ತದೆ. ಸಾಲಿನ ಮೂರು ಸಂದುಗಳಿಂದ ಹತ್ತತ್ತು ಪಿಕ್ಸೆಲ್ ಕಿತ್ತುಕೊಂಡರೆ 28 ಇದ್ದ ಸಂದು 18ಕ್ಕಿಳಿದು ಪದಗಳು ಅಂಟಿಕೊಳ್ಳುತ್ತವೆ. ನನ್ನ ರೂಢಿ ಎಂದರೆ ಪದ ಬಿಟ್ಟು ಇಡೀ ಸಾಲನ್ನೇ ಹೊಸದಾಗಿ ಕೂಡಿಸುವುದು. ಮುಖಪುಟದಲ್ಲಿ ಈ ಸಾಲು 1050 ಪಿಕ್ಸೆಲ್ ಅಗಲದ ಚೌಕಟ್ಟಿನೊಳಗಿದೆ, ಹೊಸ ಸಾಲಿಗೆ 1080 ಬೇಕು. ಆದ್ದರಿಂದ ಅಕ್ಷರದ ಗಾತ್ರವನ್ನು ಶೇ. 3ರಷ್ಟು ತಗ್ಗಿಸಬೇಕು. ಉಳಿದ ಪುಟಗಳಲ್ಲಿ ಬಲಗಡೆ ಜಾಗವಿದ್ದರೂ ಅಲ್ಲೂ ಅದೇ ಗಾತ್ರ. ಅತಿ ಇಕ್ಕಟ್ಟಾದ ಪುಟವೇ ಎಲ್ಲ ಪುಟಗಳ ಅಳತೆಯನ್ನು ಗೊತ್ತುಮಾಡುತ್ತದೆ.

ಈ ಸಾಲನ್ನು ಒಮ್ಮೆ ಮಾತ್ರ ಟೈಪಿಸಿ, ಪಾರದರ್ಶಕ ಹಿನ್ನೆಲೆಯ ಚಿತ್ರವಾಗಿ ಉಳಿಸಿಕೊಳ್ಳಿ. ಪುಟಪುಟಕ್ಕೂ ಹೊಸದಾಗಿ ಟೈಪಿಸುತ್ತ ಹೋದರೆ ಸಂದುಗಳು ಒಂದೊಂದು ಕಡೆ ಒಂದೊಂದು ಥರ ಆಗುತ್ತವೆ.

ಹಳೆಯ ಸಾಲನ್ನು ಅಳಿಸುವಾಗ ಒತ್ತಕ್ಷರಗಳ ಮೇಲೆ ಕಣ್ಣಿರಲಿ. ‘ದ್ರಾ’, ‘ಕ್ಷಿ’, ‘ಗ್ಲಿ’ಗಳ ಒತ್ತುಗಳು ಸಾಲಿನ ತಳಕ್ಕಿಂತ ಕೆಳಗೆ ಇಳಿಯುತ್ತವೆ. ಅಲ್ಲಿಯವರೆಗೂ ಅಳಿಸದಿದ್ದರೆ ಹಳೆಯ ಒತ್ತಿನ ಬಾಲ ಹೊಸ ಸಾಲಿನಡಿ ಉಳಿದುಬಿಡುತ್ತದೆ. ಮುಚ್ಚುವ ಬಣ್ಣವನ್ನು ಪಕ್ಕದ ಖಾಲಿ ಕಾಗದದಿಂದಲೇ ತೆಗೆದುಕೊಳ್ಳಿ. ಸ್ಕ್ಯಾನ್ ಮಾಡಿದ ಕಾಗದ ಅಚ್ಚ ಬಿಳಿ ಇರುವುದಿಲ್ಲ, ಬಿಳಿ ಬಳಿದರೆ ಅಲ್ಲೊಂದು ಚೌಕ ಎದ್ದು ಕಾಣುತ್ತದೆ.

ಇನ್ನು ಕೂರಿಸುವ ಕೆಲಸ. ಸ್ಕ್ಯಾನರಿನಲ್ಲಿ ಪ್ರತಿ ಹಾಳೆಯೂ ಕೊಂಚ ಜರುಗಿರುತ್ತದೆ, ಹಾಗಾಗಿ ಪುಟದ ಮೂಲೆಯಿಂದ ಅಳೆಯಬಾರದು. ಅಡ್ಡಗೆರೆಯ ಎಡತುದಿಯಿಂದ ಅಳೆಯಬೇಕು. ಎರಡನೇ ಪುಟದಲ್ಲಿ ಆ ತುದಿ 412, 3150ರಲ್ಲಿದ್ದು ಸಾಲು ಅದಕ್ಕಿಂತ 30 ಪಿಕ್ಸೆಲ್ ಕೆಳಗಿದ್ದರೆ, ತುದಿ 418, 3143ರಲ್ಲಿರುವ ನಾಲ್ಕನೇ ಪುಟದಲ್ಲಿ ಸಾಲಿನ ಜಾಗ 418, 3173. ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಹೀಗೆ ಬರೆಯಬಹುದು:

```
magick p4.png line.png -geometry +418+3173 -composite p4-new.png
```

ಹಾಳೆ ವಾರೆಯಾಗಿದ್ದರೆ ಮೊದಲು ಪುಟವನ್ನು ನೆಟ್ಟಗೆ ಮಾಡಿ, ಆಮೇಲೆ ಅಳೆಯಿರಿ. ಕೆಲಸ ಮುಗಿಯುವವರೆಗೆ ಪಿಎನ್‌ಜಿಯಲ್ಲೇ ಉಳಿಸಿ. ಜೆಪೆಗ್‌ನಲ್ಲಿ ಉಳಿಸಿದಷ್ಟು ಸಲ ಅಕ್ಷರದ ಅಂಚು ಕಲಕುತ್ತದೆ.

ಕೊನೆಗೆ ಗಿಂಪ್‌ನಲ್ಲಿ ಅಳಿಸುವ ಮೊದಲಿನ ಪುಟದ ಮೇಲೆ ಹೊಸ ಪುಟವನ್ನು ಪದರವಾಗಿಟ್ಟು Difference ಆರಿಸಿ. ಬದಲಾಗದ ಜಾಗವೆಲ್ಲ ಕಪ್ಪಾಗಿ, ಅಡಿಯ ಸಾಲೊಂದೇ ಬೆಳಗಬೇಕು. ಅಡ್ಡಗೆರೆಯೂ ಬೆಳಗಿತೋ, ಅಳಿಸುವಾಗ ಅದರ ಅಂಚನ್ನೂ ತಿಂದಿದ್ದೀರಿ.