ಪಾಸ್‌ವರ್ಡ್ ಕದಿಯದೆ ಬಂದ ಪೋಸ್ಟ್

2013ರ ಅಕ್ಟೋಬರ್ 26, ಶನಿವಾರ. ಒಂದಕ್ಕೊಂದು ಸಂಬಂಧವಿಲ್ಲದ ಸಾವಿರಾರು ಫೇಸ್‌ಬುಕ್ ಮತ್ತು ಟ್ವಿಟರ್ ಖಾತೆಗಳಲ್ಲಿ ಒಮ್ಮೆಲೇ ತೂಕ ಇಳಿಸುವ ಉತ್ಪನ್ನದ ಜಾಹೀರಾತು ಕಾಣಿಸಿಕೊಂಡಿತು. ಅದನ್ನು ಹಾಕಿದ್ದು ಖಾತೆಯ ಒಡೆಯರಲ್ಲ, ಅವರ ಸಿಬ್ಬಂದಿಯೂ ಅಲ್ಲ. ಹಲವರಿಗೆ ವಿಷಯ ತಿಳಿದದ್ದು ಗ್ರಾಹಕರು, ಗೆಳೆಯರು ‘ಇದೇನು ಹಾಕಿದ್ದೀರಿ?’ ಎಂದು ಕೇಳಿದ ಮೇಲೆಯೇ. ಆ ಖಾತೆಗಳನ್ನೆಲ್ಲ ಒಂದೇ ಎಳೆ ಬೆಸೆದಿತ್ತು. ಅವೆಲ್ಲವೂ ‘ಬಫರ್’ ಎಂಬ ಶೆಡ್ಯೂಲಿಂಗ್ ಸಾಧನಕ್ಕೆ ಜೋಡಣೆಯಾಗಿದ್ದವು.

ವಾರದ ಪೋಸ್ಟ್‌ಗಳನ್ನು ಒಂದೇ ಸಲ ಕುಳಿತು ಸಿದ್ಧಪಡಿಸಿ, ಯಾವುದು ಯಾವ ದಿನ ಎಷ್ಟು ಗಂಟೆಗೆ ಹೋಗಬೇಕೆಂದು ನಮೂದಿಸಿಟ್ಟರೆ ಇಂಥ ಸಾಧನಗಳು ಆ ಹೊತ್ತಿಗೆ ತಾವೇ ಹಾಕುತ್ತವೆ. ಅಂಗಡಿ, ಹೋಟೆಲ್, ಶಾಲೆ, ಕ್ಲಿನಿಕ್‌ಗಳ ಖಾತೆ ನೋಡಿಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಆದರೆ ಖಾತೆಗೆ ಇಂಥ ಸಾಧನ ಜೋಡಿಸಿದ ಮೇಲೆ ಕಾವಲಿನ ಲೆಕ್ಕ ಬದಲಾಗುತ್ತದೆ. ಬಫರ್ ಪ್ರಕರಣದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಬಫರ್‌ನ ಬಳಕೆದಾರರ ಪಾಸ್‌ವರ್ಡ್‌ಗಳು ಅಂದು ಕಳುವಾಗಲಿಲ್ಲ. ಕಳುವಾದದ್ದು ‘ಟೋಕನ್’. ಫೇಸ್‌ಬುಕ್‌ಗೆ ಒಂದು ಆ್ಯಪ್ ಜೋಡಿಸುವಾಗ ‘ಈ ಆ್ಯಪ್ ನಿಮ್ಮ ಪರವಾಗಿ ಪೋಸ್ಟ್ ಮಾಡಬಹುದೇ?’ ಎಂಬ ಪರದೆ ಬರುತ್ತದೆ. ಹೌದು ಎಂದು ಒತ್ತಿದೊಡನೆ ಫೇಸ್‌ಬುಕ್ ಆ ಆ್ಯಪ್‌ಗೆ ಅಕ್ಷರ, ಅಂಕಿಗಳ ಉದ್ದನೆಯ ಸಾಲೊಂದನ್ನು ಕೊಡುತ್ತದೆ. ಅದೇ ಟೋಕನ್. ಅಂಗಡಿಯ ಹಿಂಬಾಗಿಲಿನ ಕೀಲಿಯನ್ನು ಸರಕು ಇಳಿಸುವವರ ಕೈಗೆ ಕೊಟ್ಟಿಟ್ಟಂತೆ ಇದು. ಮುಂದೆ ಆ ಆ್ಯಪ್ ಪ್ರತಿ ಸಲವೂ ಲಾಗಿನ್ ಆಗುವುದಿಲ್ಲ. ಟೋಕನ್ ತೋರಿಸುತ್ತದೆ, ಪೋಸ್ಟ್ ಹಾಕುತ್ತದೆ. ಬಫರ್ ತನ್ನ ಬಳಕೆದಾರರ ಟೋಕನ್‌ಗಳನ್ನು ‘ಮಾಂಗೋಎಚ್‌ಕ್ಯೂ’ ಎಂಬ ಇನ್ನೊಂದು ಕಂಪನಿಯ ಡೇಟಾಬೇಸ್ ಸೇವೆಯಲ್ಲಿ ಇಟ್ಟಿತ್ತು. ಮಾಂಗೋಎಚ್‌ಕ್ಯೂ ಸಿಬ್ಬಂದಿಯೊಬ್ಬರು ತಮ್ಮ ಖಾಸಗಿ ಖಾತೆಗೆ ಬಳಸಿದ್ದ ಪಾಸ್‌ವರ್ಡನ್ನೇ ಕಂಪನಿಯ ಒಳಗಿನ ಸಾಧನಕ್ಕೂ ಇಟ್ಟಿದ್ದರು. ಆ ಖಾಸಗಿ ಖಾತೆ ಕಳ್ಳರ ಪಾಲಾಗಿತ್ತು. ಅಲ್ಲಿಂದ ಅವರು ಮಾಂಗೋಎಚ್‌ಕ್ಯೂ ಒಳಗೆ ಬಂದರು, ಅಲ್ಲಿಂದ ಬಫರ್‌ನ ಡೇಟಾಬೇಸ್‌ಗೆ ಕೈ ಹಾಕಿದರು. ಟೋಕನ್‌ಗಳನ್ನು ಗೂಢಲಿಪೀಕರಿಸದೆ ಇಟ್ಟಿದ್ದರಿಂದ ಅವು ಸಿಕ್ಕಿದೊಡನೆ ಬಳಕೆಗೆ ಬಂದವು. ಫೇಸ್‌ಬುಕ್‌ನಲ್ಲೇ ಸುಮಾರು 30,000 ಬಳಕೆದಾರರ ಹೆಸರಿನಲ್ಲಿ ಸ್ಪ್ಯಾಮ್ ಹೋಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ 30,000 ಮಂದಿಯಲ್ಲಿ ಲಾಗಿನ್ ಎಚ್ಚರಿಕೆ ಹಾಕಿಕೊಂಡಿದ್ದವರಿಗೂ ಅದರಿಂದ ಸುಳಿವು ಸಿಗುವಂತಿರಲಿಲ್ಲ. ಲಾಗಿನ್ ಆಗಿದ್ದರೆ ತಾನೆ ಎಚ್ಚರಿಕೆ ಬರುವುದು?

ಹಾಗೆಂದು ಲಾಗಿನ್ ಎಚ್ಚರಿಕೆ ಬೇಡ ಎಂದಲ್ಲ. ಪಾಸ್‌ವರ್ಡ್ ಊಹಿಸಿಯೋ, ಮೋಸದ ಲಿಂಕ್ ಕಳಿಸಿಯೋ ನೇರವಾಗಿ ಒಳಗೆ ಬರುವವರನ್ನು ಅದು ಹಿಡಿಯುತ್ತದೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ Accounts Centre ಒಳಗೆ Password and security ವಿಭಾಗಕ್ಕೆ ಹೋದರೆ Login alerts ಸಿಗುತ್ತದೆ. ಆದರೆ ಆ ಸಂದೇಶವನ್ನು ಓದುವ ಬಗೆ ಗೊತ್ತಿರಬೇಕು. ಅದರಲ್ಲಿ ಸಮಯ, ಸಾಧನ, ಸ್ಥಳ ಎಂಬ ಮೂರು ವಿವರಗಳಿರುತ್ತವೆ. ಇವುಗಳಲ್ಲಿ ಸ್ಥಳವನ್ನು ನಂಬುವುದು ಕಷ್ಟ. ಹುಬ್ಬಳ್ಳಿಯಲ್ಲಿ ಕುಳಿತು ಮೊಬೈಲ್ ಡೇಟಾದಲ್ಲಿ ಲಾಗಿನ್ ಆದರೂ ಸಂದೇಶದಲ್ಲಿ ಬೆಂಗಳೂರು, ಚೆನ್ನೈ ಅಥವಾ ಮುಂಬೈ ಎಂದು ಬರಬಹುದು. ಮೊಬೈಲ್ ಕಂಪನಿಯ ಸಂಪರ್ಕ ಇಂಟರ್ನೆಟ್‌ಗೆ ಎಲ್ಲಿ ಸೇರುತ್ತದೋ ಆ ಊರನ್ನೇ ಅದು ತೋರಿಸುತ್ತದೆ. ಸಮಯ ಮತ್ತು ಸಾಧನ ಹೆಚ್ಚು ನಂಬಿಕೆಗೆ ಅರ್ಹ. ಕಚೇರಿಯಲ್ಲಿ ಎಲ್ಲರ ಕೈಯಲ್ಲೂ ಆಂಡ್ರಾಯ್ಡ್ ಫೋನ್ ಇದ್ದು, ಸಂದೇಶದಲ್ಲಿ ವಿಂಡೋಸ್ ಕಂಪ್ಯೂಟರ್, ನಸುಕಿನ ಮೂರು ಗಂಟೆ ಎಂದಿದ್ದರೆ ಸಂಶಯಪಡಲು ಅಷ್ಟು ಸಾಕು.

ಇನ್ನೊಂದು ಸೂಕ್ಷ್ಮವಿದೆ. ಹೊಸ ಶೆಡ್ಯೂಲಿಂಗ್ ಸಾಧನ ಜೋಡಿಸಿದ ಕೆಲವೇ ನಿಮಿಷಗಳಲ್ಲಿ ಯಾವುದೋ ದೂರದ ದೇಶದಿಂದ ಲಾಗಿನ್ ಆಗಿದೆ ಎಂಬ ಎಚ್ಚರಿಕೆ ಬಂದರೆ, ಆ ಸಾಧನ ಟೋಕನ್ ಪಡೆಯುವ ಅಧಿಕೃತ ದಾರಿಯಲ್ಲಿ ಬಂದಿಲ್ಲ ಎಂದೇ ಅನುಮಾನಿಸಬೇಕು. ಅದು ಪಾಸ್‌ವರ್ಡನ್ನೇ ಕೇಳಿ ಪಡೆದು, ತನ್ನ ಸರ್ವರ್‌ನಿಂದ ಲಾಗಿನ್ ಆಗುತ್ತಿರಬಹುದು. ಅಧಿಕೃತ ಸಾಧನ ಜೋಡಿಸುವಾಗ ಪಾಸ್‌ವರ್ಡನ್ನು ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಮ್‌ನ ಸ್ವಂತ ಪುಟದಲ್ಲೇ ಹಾಕುತ್ತೇವೆ, ಸಾಧನದ ಪುಟದಲ್ಲಲ್ಲ.

ಹಾಗಾದರೆ ಟೋಕನ್ ದಾರಿಯಲ್ಲಿ ಬರುವ ಪೋಸ್ಟನ್ನು ಹಿಡಿಯುವುದು ಹೇಗೆ? ಅನೇಕ ಸಾಧನಗಳು ‘ನಿಮ್ಮ ಪೋಸ್ಟ್ ಪ್ರಕಟವಾಗಿದೆ’ ಎಂದು ಇಮೇಲ್ ಕಳಿಸುತ್ತವೆ. ಇದು ಉಪಯುಕ್ತ, ಆದರೆ ಇದಕ್ಕೂ ಮಿತಿ ಇದೆ. ಕಳ್ಳರು ಟೋಕನ್ ಕದ್ದೊಯ್ದು ತಮ್ಮ ಕಂಪ್ಯೂಟರಿನಿಂದ ಪೋಸ್ಟ್ ಹಾಕಿದರೆ ಸಾಧನಕ್ಕೆ ಅದರ ಸುಳಿವೇ ಇರುವುದಿಲ್ಲ. ಆದ್ದರಿಂದ ಕಾವಲು ಹೊರಗಿನಿಂದಲೂ ಇರಬೇಕು. ಇದಕ್ಕೆ ದುಡ್ಡು ಬೇಕಿಲ್ಲ. ಸಿಬ್ಬಂದಿಯಲ್ಲಿ ಇಬ್ಬರು ತಮ್ಮ ಸ್ವಂತ ಖಾತೆಯಿಂದ ಅಂಗಡಿಯ ಖಾತೆಯನ್ನು ಫಾಲೋ ಮಾಡಿ, ಹೆಸರಿನ ಪಕ್ಕದ ಗಂಟೆಯ ಗುರುತನ್ನು ಒತ್ತಿ ಪೋಸ್ಟ್, ಸ್ಟೋರಿ, ರೀಲ್ಸ್ ಎಲ್ಲಕ್ಕೂ ಸೂಚನೆ ಬರುವಂತೆ ಮಾಡಿಕೊಂಡರೆ ಆಯಿತು. ಪೋಸ್ಟ್ ಯಾವ ದಾರಿಯಲ್ಲಿ ಬಂದಿದ್ದರೂ ಅವರ ಫೋನ್ ಸದ್ದು ಮಾಡುತ್ತದೆ. ಜೊತೆಗೆ ವಾರದ ಪೋಸ್ಟ್‌ಗಳ ಪಟ್ಟಿ ಆ ಸಾಧನದ ಹೊರಗೂ, ಒಂದು ಹಾಳೆಯಲ್ಲೋ ನೋಟ್‌ಬುಕ್ಕಿನಲ್ಲೋ ಇರಬೇಕು. ಪಟ್ಟಿಯಲ್ಲಿ ಇಲ್ಲದ್ದು ಬಂತೆಂದರೆ ಅದು ಅನಿರೀಕ್ಷಿತ ಪೋಸ್ಟ್.

ದಾವಣಗೆರೆಯ ಒಂದು ಸೀರೆ ಅಂಗಡಿ ಎಂದುಕೊಳ್ಳೋಣ. ಅದರ ಫೇಸ್‌ಬುಕ್ ಪುಟದಲ್ಲಿ ದಿನಕ್ಕೆರಡು ಪೋಸ್ಟ್, ಬೆಳಗ್ಗೆ 10ಕ್ಕೆ ಮತ್ತು ಸಂಜೆ 6ಕ್ಕೆ. ಭಾನುವಾರ ಮಧ್ಯಾಹ್ನ 2.40ಕ್ಕೆ ‘90 ಶೇಕಡಾ ರಿಯಾಯಿತಿ, ಈ ಲಿಂಕ್ ಒತ್ತಿ’ ಎಂಬ ಪೋಸ್ಟ್ ಬಂದ ಸೂಚನೆ ಅಂಗಡಿಯ ಹುಡುಗಿಯೊಬ್ಬಳ ಫೋನಿಗೆ ಬರುತ್ತದೆ. ಅವಳು ಮೊದಲು ಮಾಡಬೇಕಾದದ್ದು ಪೋಸ್ಟ್‌ನ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಮತ್ತು ಸಮಯವನ್ನು ಉಳಿಸಿಕೊಳ್ಳುವುದು. ಬಳಿಕ ಮಾಲೀಕರಿಗೆ ಫೋನ್ ಮಾಡಿ ‘ಸರ್, ಇದು ನೀವು ಹೇಳಿ ಹಾಕಿಸಿದ್ದಾ?’ ಎಂದು ಕೇಳುವುದು. ಅಲ್ಲ ಎಂದಾದರೆ ಪುಟದ ಅಡ್ಮಿನ್ ಆ ಪೋಸ್ಟನ್ನು ತೆರೆದು ನೋಡಬೇಕು. ಅದರ ಬಳಿ Published by ಎಂಬ ಸಾಲು ಅಡ್ಮಿನ್‌ಗಳಿಗೆ ಮಾತ್ರ ಕಾಣುತ್ತದೆ. ಅಲ್ಲಿ ಶೆಡ್ಯೂಲಿಂಗ್ ಸಾಧನದ ಹೆಸರಿದ್ದರೆ ದಾರಿ ಅದೇ. ಸಿಬ್ಬಂದಿಯ ಹೆಸರಿದ್ದರೆ ಅವರ ಸ್ವಂತ ಖಾತೆಗೇ ಯಾರೋ ನುಗ್ಗಿರಬಹುದು.

ದಾರಿ ತಿಳಿಯುವುದು ಎಷ್ಟು ಮುಖ್ಯ ಎಂಬುದಕ್ಕೆ ಟ್ವಿಟರ್‌ನ ಮುಖ್ಯಸ್ಥರಾಗಿದ್ದ ಜಾಕ್ ಡಾರ್ಸಿ ಅವರ ಖಾತೆಯೇ ಸಾಕ್ಷಿ. 2019ರ ಆಗಸ್ಟ್ 30ರಂದು ಅವರ ಹೆಸರಿನಲ್ಲಿ ಜನಾಂಗೀಯ ನಿಂದನೆಯ ಟ್ವೀಟ್‌ಗಳು ಬಂದವು. ಪ್ರತಿ ಟ್ವೀಟ್‌ನ ಕೆಳಗೆ ಅದು ಯಾವ ಆ್ಯಪ್‌ನಿಂದ ಬಂತೆಂಬುದನ್ನು ಟ್ವಿಟರ್ ಆಗ ತೋರಿಸುತ್ತಿತ್ತು. ಅಲ್ಲಿ ‘ಕ್ಲೌಡ್‌ಹಾಪರ್’ ಎಂದಿತ್ತು. ಅದು ಎಸ್‌ಎಂಎಸ್ ಮೂಲಕ ಟ್ವೀಟ್ ಮಾಡಲು ಬಳಕೆಯಾಗುತ್ತಿದ್ದ ಸೇವೆ. ಅವರ ಫೋನ್ ನಂಬರ್ ಬೇರೆಯವರ ಕೈ ಸೇರಿತ್ತು ಎಂಬುದರ ಜಾಡು ಅಲ್ಲಿಂದಲೇ ಹೊರಬಿತ್ತು. 2022ರ ಡಿಸೆಂಬರ್‌ನಲ್ಲಿ ಟ್ವಿಟರ್ ಆ ಗುರುತನ್ನು ತೆಗೆದುಹಾಕಿದ್ದರಿಂದ, ಈಗಿನ ಎಕ್ಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ Connected apps ಮತ್ತು Sessions ಪಟ್ಟಿಗಳನ್ನೇ ತೆರೆದು ನೋಡಬೇಕು.

ಸೀರೆ ಅಂಗಡಿಯ ಪುಟದಲ್ಲಿ ಸಾಧನದ ಹೆಸರೇ ಕಂಡಿತು ಎಂದುಕೊಳ್ಳಿ. ಮುಂದಿನ ಹೆಜ್ಜೆ ಆ ಸಾಧನದ ಜೋಡಣೆಯನ್ನು ಕಡಿಯುವುದು. ಅದನ್ನು ಫೇಸ್‌ಬುಕ್ ಕಡೆಯಿಂದ ಕಡಿಯಬೇಕು. ಶೆಡ್ಯೂಲಿಂಗ್ ಸಾಧನದೊಳಗೆ ಹೋಗಿ ಖಾತೆಯನ್ನು ತೆಗೆದರೆ, ಕದ್ದೊಯ್ದ ಟೋಕನ್ ಜೀವಂತವಾಗಿಯೇ ಉಳಿಯಬಹುದು. ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು ಅದನ್ನು ತೆಗೆದರೆ ಟೋಕನ್ ಕೆಲಸಕ್ಕೆ ಬಾರದಂತಾಗುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಸರಿಹೋಯಿತು ಎಂದು ಹಲವರು ಅಲ್ಲಿಗೇ ನಿಲ್ಲುತ್ತಾರೆ. ಪಾಸ್‌ವರ್ಡ್ ಬದಲಾದ ಮಾತ್ರಕ್ಕೆ ಎಲ್ಲ ಜಾಲತಾಣಗಳಲ್ಲೂ ಆ್ಯಪ್‌ಗಳ ಜೋಡಣೆ ತಾನಾಗಿ ಕಡಿಯುವುದಿಲ್ಲ. ಆದ್ದರಿಂದ ಎರಡನ್ನೂ ಮಾಡಬೇಕು. ಬಳಿಕ ಪೋಸ್ಟ್ ಅಳಿಸಿ, ಸಾಧನದಲ್ಲಿ ಸರದಿಯಲ್ಲಿರುವ ಪೋಸ್ಟ್‌ಗಳನ್ನು ಒಂದೊಂದಾಗಿ ನೋಡಬೇಕು. ಸಾಧನದ ಒಳಗೇ ನುಗ್ಗಿದವರು ಮುಂದಿನ ವಾರಕ್ಕೂ ಒಂದೆರಡು ಪೋಸ್ಟ್ ಸೇರಿಸಿಟ್ಟಿರಬಹುದು.

ಅದೇ ಸಾಧನದಲ್ಲಿ ತಂಡದ ಸದಸ್ಯರ ಪಟ್ಟಿಯೂ ಇರುತ್ತದೆ. ಕೆಲಸ ಬಿಟ್ಟು ಹೋದವರ ಹೆಸರು ಅಲ್ಲಿ ಉಳಿದಿದ್ದರೆ ಅವರು ಇಂದಿಗೂ ಪೋಸ್ಟ್ ಹಾಕಬಲ್ಲರು. ಫೇಸ್‌ಬುಕ್‌ನ ಕಣ್ಣಿಗೆ ಅದು ಅಧಿಕೃತ ಆ್ಯಪ್‌ನಿಂದ ಬಂದ ಎಂದಿನ ಪೋಸ್ಟ್.

ಅನಿರೀಕ್ಷಿತವಾದದ್ದೆಲ್ಲ ಕಳ್ಳತನವೂ ಅಲ್ಲ. 2011ರ ಫೆಬ್ರವರಿಯಲ್ಲಿ ಅಮೆರಿಕನ್ ರೆಡ್ ಕ್ರಾಸ್‌ನ ಟ್ವಿಟರ್ ಖಾತೆಯಲ್ಲಿ ರಾತ್ರಿ ಹೊತ್ತು ಬಿಯರ್ ಕುಡಿಯುವ ಮಾತಿನ ಟ್ವೀಟ್ ಬಂತು. ಸಿಬ್ಬಂದಿಯೊಬ್ಬರು ‘ಹೂಟ್‌ಸ್ಯೂಟ್’ ಎಂಬ ಸಾಧನದಲ್ಲಿ ತಮ್ಮ ಸ್ವಂತ ಖಾತೆಯನ್ನೂ ಸಂಸ್ಥೆಯ ಖಾತೆಯನ್ನೂ ಒಟ್ಟಿಗೆ ಇಟ್ಟುಕೊಂಡಿದ್ದರು, ಖಾತೆ ಆಯ್ದುಕೊಳ್ಳುವಾಗ ತಪ್ಪಾಯಿತು. ಸಂಸ್ಥೆ ಅದನ್ನು ಅಳಿಸಿ, ಆದದ್ದನ್ನು ಬಿಚ್ಚುಮನಸ್ಸಿನಿಂದ ಹೇಳಿಕೊಂಡಿತು. ಇಂಥಲ್ಲಿ ಲಾಗಿನ್ ಎಚ್ಚರಿಕೆಯಿಂದ ಏನೂ ತಿಳಿಯುವುದಿಲ್ಲ, ಹೊರಗಿನಿಂದ ನೋಡುವ ಕಣ್ಣಿಗೆ ಮಾತ್ರ ಬೀಳುತ್ತದೆ. ಸಂಸ್ಥೆಯ ಖಾತೆ ಇರುವ ಸಾಧನದಲ್ಲಿ ಸ್ವಂತ ಖಾತೆ ಜೋಡಿಸದಿದ್ದರೆ ಈ ಬಗೆಯ ತಪ್ಪಿಗೆ ಆಸ್ಪದವೇ ಇರುವುದಿಲ್ಲ.

ಗಂಟೆಯ ಗುರುತಿನ ಕಾವಲಿಗೂ ಸಿಗದ ಒಂದು ಜಾಗವಿದೆ: ಹಣ ಕೊಟ್ಟು ಓಡಿಸುವ ಜಾಹೀರಾತು. ಅದು ಪುಟದಲ್ಲಿ ಪೋಸ್ಟ್ ಆಗಿ ಕಾಣದೆಯೂ ಜನರಿಗೆ ತಲುಪಬಲ್ಲದು, ಕಾರ್ಡಿನಿಂದ ದುಡ್ಡು ಹೋಗುತ್ತಲೇ ಇರುತ್ತದೆ. ಅದಕ್ಕೆ ಜಾಹೀರಾತು ಖಾತೆಯಲ್ಲಿ ಒಟ್ಟು ಖರ್ಚಿನ ಮಿತಿ ಹಾಕಿ, ಬ್ಯಾಂಕಿನ ಎಸ್‌ಎಂಎಸ್ ಮಾಲೀಕರ ಫೋನಿಗೇ ಬರುವಂತೆ ಇಟ್ಟುಕೊಳ್ಳಬೇಕು.

ನಕಲಿ ಎಚ್ಚರಿಕೆಗಳ ಹಾವಳಿಯೂ ಇದೆ. ‘ನಿಮ್ಮ ಖಾತೆಗೆ ಯಾರೋ ಲಾಗಿನ್ ಆಗಿದ್ದಾರೆ, ಇಲ್ಲಿ ಒತ್ತಿ’ ಎಂಬ ಇಮೇಲೇ ಬಲೆಯಾಗಿರಬಹುದು. ಇಮೇಲ್‌ನ ಲಿಂಕ್ ಒತ್ತದೆ ಆ್ಯಪ್ ತೆರೆದು, ಭದ್ರತೆಯ ಸೆಟ್ಟಿಂಗ್ಸ್‌ನಲ್ಲಿ ಇತ್ತೀಚೆಗೆ ಕಂಪನಿ ಕಳಿಸಿದ ಇಮೇಲ್‌ಗಳ ಪಟ್ಟಿ ನೋಡಬೇಕು. ಅಲ್ಲಿ ಇಲ್ಲದ ಇಮೇಲನ್ನು ನಕಲಿ ಎಂದೇ ಎಣಿಸುವುದು ಕ್ಷೇಮ.

ನಿಜವಾಗಿಯೂ ಯಾರೋ ನುಗ್ಗಿದ್ದರೆ cybercrime.gov.in ತಾಣದಲ್ಲಿ ದೂರು ಕೊಡಬಹುದು, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಕಂಪನಿಗಳಿಗೆ ಇನ್ನೂ ಒಂದು ಹೊಣೆ ಇದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ incident@cert-in.org.in ವಿಳಾಸಕ್ಕೆ ವರದಿ ಮಾಡಬೇಕು. ವರದಿ ಮಾಡಲೇಬೇಕಾದ ಘಟನೆಗಳ ಪಟ್ಟಿಯಲ್ಲಿ ಸಾಮಾಜಿಕ ಜಾಲತಾಣ ಖಾತೆಗೆ ಅನಧಿಕೃತ ಪ್ರವೇಶವೂ ಸೇರಿದೆ. ಪೋಸ್ಟ್ ಯಾವಾಗ ಬಂತು, ಯಾರ ಗಮನಕ್ಕೆ ಎಷ್ಟು ಗಂಟೆಗೆ ಬಂತು, ಯಾವ ಆ್ಯಪ್‌ನ ಹೆಸರು ಕಂಡಿತು ಎಂಬ ವಿವರಗಳನ್ನು ಆ ವರದಿಯಲ್ಲಿ ಬರೆಯಲು ಮೊದಲಿಗೇ ತೆಗೆದಿಟ್ಟ ಸ್ಕ್ರೀನ್‌ಶಾಟ್ ಬೇಕಾಗುತ್ತದೆ. ಗಾಬರಿಯಲ್ಲಿ ಪೋಸ್ಟ್ ಅಳಿಸಿಬಿಟ್ಟರೆ Published by ಎಂಬ ಸಾಲನ್ನು ಮತ್ತೆ ನೋಡಲಾಗದು.