ತ್ರಿಕೋನದೊಳಗಿದ್ದರೆ ಫಿಲ್ಟರ್ ಕ್ಷೇಮ

ಫೋನಿನ ಈಕ್ವಲೈಜರಿನಲ್ಲಿ ಬಾಸ್ ಹೆಚ್ಚಿಸಿದಾಗ ಒಳಗೆ ಕೆಲಸ ಮಾಡುವುದು ಸಾಮಾನ್ಯವಾಗಿ ಎರಡನೇ ದರ್ಜೆಯ ಐಐಆರ್ ಫಿಲ್ಟರ್. ಅದು ತನ್ನದೇ ಹಿಂದಿನ ಎರಡು ಉತ್ತರಗಳನ್ನು ಮತ್ತೆ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಹದ ತಪ್ಪಿದರೆ ಸದ್ದು ಬೆಳೆಯುತ್ತಲೇ ಹೋಗುತ್ತದೆ.

ಅದರ ಛೇದ `1 + a1 z^-1 + a2 z^-2`. ಇದರ ಎರಡು ಮೂಲಗಳೂ ಏಕಮಾನ ವೃತ್ತದೊಳಗಿರಬೇಕು. ಮೂಲಗಳನ್ನು ಹುಡುಕುವ ಗೋಜೇ ಬೇಡ, ಎರಡು ಹೋಲಿಕೆ ಸಾಕು:

```
|a2| < 1
|a1| < 1 + a2
```

a1, a2 ಅಕ್ಷಗಳ ಮೇಲೆ ಇದನ್ನು ಬರೆದರೆ (-2, 1), (2, 1), (0, -1) ಮೂಲೆಗಳ ತ್ರಿಕೋನ ಮೂಡುತ್ತದೆ. a2 ಎಂಬುದು ಎರಡು ಮೂಲಗಳ ಗುಣಲಬ್ಧ, ಆದ್ದರಿಂದ ಮೊದಲ ಷರತ್ತು. ಎರಡನೆಯದು ನೈಜ ಮೂಲಗಳು 1 ಅಥವಾ -1 ದಾಟದಂತೆ ಕಾಯುತ್ತದೆ.

a1 = -1.94, a2 = 0.945 ಇರಲಿ. 1.94 ಎಂಬುದು 1.945ಕ್ಕಿಂತ ಕಡಿಮೆ, ಫಿಲ್ಟರ್ ಸ್ಥಿರ, ಆದರೆ ಅಂಚಿನಲ್ಲೇ. ಜಾಗ ಉಳಿಸಲು ಎರಡೇ ದಶಮಾಂಶ ಇಟ್ಟು a2 ಅನ್ನು 0.94ಕ್ಕೆ ಕತ್ತರಿಸಿದರೆ ಎರಡೂ ಬದಿ 1.94 ಆಗಿ, ಒಂದು ಮೂಲ ಸರಿಯಾಗಿ 1ರ ಮೇಲೆ ಕೂರುತ್ತದೆ. ಆಗ ಒಳಬರುವ ಸಣ್ಣ ಸ್ಥಿರ ಮೌಲ್ಯವೂ ಕೂಡುತ್ತಾ ಹೋಗಿ ಔಟ್‌ಪುಟ್ ಏರುತ್ತಲೇ ಇರುತ್ತದೆ. ಹಾಗಾಗಿ ಪರೀಕ್ಷೆಯನ್ನು ಕತ್ತರಿಸಿದ ಸಂಖ್ಯೆಗಳ ಮೇಲೆಯೇ ಮಾಡಿ. ಕೆಲವು ಪ್ರೋಗ್ರಾಮುಗಳು a1, a2ರ ಚಿಹ್ನೆ ತಿರುಗಿಸಿ ಕೊಡುತ್ತವೆ; ಅದನ್ನೂ ಮೊದಲೇ ನೋಡಿಕೊಳ್ಳಿ.