ಬಿಸಿಯೂಟಕ್ಕೆ ಎರಡು ಸಲ ಕಳೆಯುವ ಲೆಕ್ಕ

ನೀತಿ ಮೌಲ್ಯಮಾಪನ ಓದುವ ವಿದ್ಯಾರ್ಥಿಗೆ ಒಂದು ಅಸೈನ್‌ಮೆಂಟ್ ಸಿಗುತ್ತದೆ ಎನ್ನೋಣ: ‘ಬಿಸಿಯೂಟದಿಂದ ಶಾಲೆಯ ಹಾಜರಾತಿ ಹೆಚ್ಚಿತೇ?’ ಊಟಕ್ಕೆ ಮುಂಚೆ ಎಷ್ಟು ಮಕ್ಕಳು ಬರುತ್ತಿದ್ದರು, ಆಮೇಲೆ ಎಷ್ಟು ಬಂದರು ಎಂದು ಹೋಲಿಸಿದರೆ ಸಾಲದು. ಆ ವರ್ಷ ಮಳೆ ಕೈಕೊಟ್ಟಿರಬಹುದು, ಹೊಸ ಶಿಕ್ಷಕರು ಬಂದಿರಬಹುದು. ಊಟ ಸಿಕ್ಕ ಶಾಲೆಯನ್ನು ಸಿಗದ ಶಾಲೆಯ ಪಕ್ಕಕ್ಕಿಟ್ಟು ನೋಡಿದರೂ ಸಾಲದು, ಏಕೆಂದರೆ ಸರ್ಕಾರ ಊಟ ಕೊಟ್ಟದ್ದು ಮೊದಲೇ ಹಿಂದುಳಿದಿದ್ದ ಕಡೆಗೆ. ಡಿಫರೆನ್ಸ್ ಇನ್ ಡಿಫರೆನ್ಸಸ್ ಎಂಬ ವಿಧಾನ ಈ ಎರಡು ಅರೆಬರೆ ಹೋಲಿಕೆಗಳನ್ನು ಕೂಡಿಸಿ, ಒಂದರ ದೋಷವನ್ನು ಇನ್ನೊಂದರಿಂದ ತೆಗೆಯುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಹೇಳಿಮಾಡಿಸಿದಂಥ ಸಂದರ್ಭವೊಂದಿದೆ. ಅಕ್ಷರ ದಾಸೋಹ 2002-03ರಲ್ಲಿ ಉತ್ತರದ ಏಳು ಜಿಲ್ಲೆಗಳ ಒಂದರಿಂದ ಐದನೇ ತರಗತಿಗಳಿಗೆ ಮಾತ್ರ ಬಂತು. ಉಳಿದ ಜಿಲ್ಲೆಗಳಿಗೆ ಬಂದದ್ದು ಮರುವರ್ಷ. ಕೊಪ್ಪಳ ಮೊದಲ ಗುಂಪಿನಲ್ಲಿತ್ತು, ಪಕ್ಕದ ಗದಗ ಎರಡನೆಯದರಲ್ಲಿ. ಹೀಗಾಗಿ ಯಲಬುರ್ಗಾ ಕಡೆಯ ಮಕ್ಕಳು ಶಾಲೆಯಲ್ಲಿ ಉಣ್ಣುತ್ತಿದ್ದ ಆ ಒಂದು ವರ್ಷ, ಗಡಿಯಾಚೆ ರೋಣದ ಮಕ್ಕಳಿಗೆ ಬಿಸಿಯೂಟವಿರಲಿಲ್ಲ.

ಗಡಿಯ ಎರಡೂ ಬದಿಯ ಕೆಲವು ಶಾಲೆಗಳನ್ನು ಆರಿಸಿಕೊಳ್ಳೋಣ. ಮುಂದಿನ ಅಂಕಿಗಳು ಲೆಕ್ಕ ತಿಳಿಯಲೆಂದು ನಾನೇ ಇಟ್ಟುಕೊಂಡವು. ಯಲಬುರ್ಗಾ ಬದಿಯಲ್ಲಿ ಹಾಜರಾತಿ ಶೇಕಡಾ 62 ಇದ್ದದ್ದು 74 ಆಯಿತು, ಏರಿಕೆ 12. ರೋಣದ ಬದಿಯಲ್ಲಿ ಊಟವಿಲ್ಲದೆಯೂ 70 ಇದ್ದದ್ದು 75 ಆಯಿತು, ಏರಿಕೆ 5. ಆ 5 ಊಟದ್ದಲ್ಲ, ಕಾಲದ್ದು. ಹನ್ನೆರಡರಲ್ಲಿ ಐದು ಕಳೆದರೆ ಉಳಿಯುವ 7 ಅಂಶಗಳೇ ಊಟದ ಪಾಲು. ಎರಡೂ ಬದಿ ಮೊದಲಿಗೆ ಬೇರೆ ಬೇರೆ ಮಟ್ಟದಲ್ಲಿದ್ದವು ಎಂಬುದು ಇಲ್ಲಿ ಅಡ್ಡಿಯೇ ಅಲ್ಲ, ಮೊದಲ ಕಳೆಯುವಿಕೆಯಲ್ಲೇ ಅದು ಹೊರಟುಹೋಗುತ್ತದೆ. ಈ ವಿಧಾನದಲ್ಲಿ ನನಗೆ ಅತ್ಯಂತ ಇಷ್ಟವಾಗುವುದು ಇದೇ.

ಆದರೆ ಇಡೀ ಲೆಕ್ಕ ಒಂದು ನಂಬಿಕೆಯ ಮೇಲೆ ನಿಂತಿದೆ: ಊಟ ಬರದೇ ಇದ್ದಿದ್ದರೆ ಯಲಬುರ್ಗಾ ಬದಿಯೂ ಐದೇ ಅಂಶ ಏರುತ್ತಿತ್ತು ಎಂಬುದು. ಇದನ್ನು ನೇರವಾಗಿ ಸಾಧಿಸಿ ತೋರಿಸಲಾಗದು, ಅನುಮಾನಿಸಿ ನೋಡಬಹುದು ಅಷ್ಟೇ. ಅದಕ್ಕೆ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆಯಬೇಕು. ಊಟ 2001ರಲ್ಲೇ ಶುರುವಾಗಿತ್ತೆಂದು ಸುಳ್ಳೇ ಊಹಿಸಿ, ಅದರ ಹಿಂದುಮುಂದಿನ ವರ್ಷಗಳಿಗೆ ಇದೇ ಲೆಕ್ಕ ಹಾಕಬೇಕು. ಉತ್ತರ ಸೊನ್ನೆಯ ಆಸುಪಾಸಿಗೆ ಬಂದರೆ ನೆಮ್ಮದಿ. ಅಲ್ಲಿಯೂ 4 ಬಂದರೆ ಯಲಬುರ್ಗಾ ಊಟಕ್ಕೆ ಮೊದಲೇ ವೇಗವಾಗಿ ಮೇಲೇರುತ್ತಿತ್ತು ಎಂದರ್ಥ, ಆಗ ನಮ್ಮ ಏಳರಲ್ಲಿ ಬಹುಪಾಲು ಊಟಕ್ಕೆ ಸೇರದು. ಗಡಿಯ ಶಾಲೆಗಳನ್ನೇ ಹಿಡಿಯುವುದಕ್ಕೂ ಇದೇ ಕಾರಣ. ಆಗ ಸತತ ಬರವಿತ್ತು. ಒಂದು ಬದಿಯಿಂದ ಮಾತ್ರ ಕುಟುಂಬಗಳು ಮಕ್ಕಳ ಸಮೇತ ಗುಳೆ ಹೊರಟರೆ ಹೋಲಿಕೆ ಕೆಡುತ್ತದೆ. ಒಂದೇ ಮಳೆ, ಒಂದೇ ಬೆಳೆಯ ಊರುಗಳಲ್ಲಿ ಆ ಭಯ ಕಡಿಮೆ.

ಇನ್ನೊಂದು ಪರೀಕ್ಷೆ ಅದೇ ಶಾಲೆಯೊಳಗೇ ಸಿಗುತ್ತದೆ. ಆ ವರ್ಷ ಆರು, ಏಳನೇ ತರಗತಿಗೆ ಊಟವಿರಲಿಲ್ಲ. ಅದೇ ಕಟ್ಟಡ, ಅದೇ ಮುಖ್ಯ ಗುರುಗಳು, ಅದೇ ಬರ. ಅಲ್ಲಿಯೂ ಹಾಜರಾತಿ ಅಷ್ಟೇ ಏರಿದ್ದರೆ ಕಾರಣ ಬೇರೇನೋ ಇದೆ. ಇದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಊಟಕ್ಕೆಂದು ತಮ್ಮನನ್ನು ಶಾಲೆಗೆ ಕಳಿಸಿದರೆ, ಅವನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಿದ್ದ ಆರನೇ ತರಗತಿಯ ಅಕ್ಕನೂ ಬರುತ್ತಾಳೆ. ಆಗ ಊಟದ ಪ್ರಭಾವ ಊಟವಿಲ್ಲದ ತರಗತಿಗೂ ಹರಿಯುತ್ತದೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಸೂತ್ರದಲ್ಲಲ್ಲ, ಹಾಜರಿ ಪುಸ್ತಕದಲ್ಲಿ. ಬಿಸಿಯೂಟಕ್ಕೆ ಮೊದಲಿನ ಯೋಜನೆಯಲ್ಲಿ ಶೇಕಡಾ 80 ಹಾಜರಾತಿಯಿದ್ದ ಮಗುವಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯವೆಂಬ ನಿಯಮವಿತ್ತು. ಬಡ ಮನೆಯ ಮಗುವಿನ ಧಾನ್ಯ ತಪ್ಪದಿರಲೆಂದು ಶಿಕ್ಷಕರು ಧಾರಾಳವಾಗಿ ಹಾಜರಿ ಹಾಕಿದ್ದರೆ ‘ಮುಂಚಿನ’ ಅಂಕಿ ಉಬ್ಬಿರುತ್ತದೆ. ಊಟದ ದಿನಸಿ ತಲೆಯೆಣಿಕೆಯಂತೆ ಬರುವಾಗ ‘ಆಮೇಲಿನ’ ಅಂಕಿಯೂ ಉಬ್ಬಬಹುದು. ಅಳತೆಗೋಲೇ ಯೋಜನೆಯೊಂದಿಗೆ ಬದಲಾದರೆ ಎಷ್ಟು ಸಲ ಕಳೆದರೂ ಅದು ಸರಿಹೋಗದು. ಹೇಳದೆ ಕೇಳದೆ ಹೋಗಿ ತಲೆ ಎಣಿಸಿದ ದಾಖಲೆ ಸಿಕ್ಕರೆ ಅದಕ್ಕೆ ಹೆಚ್ಚು ಬೆಲೆ. ಭಾಜಕವನ್ನೂ ಗಮನಿಸಬೇಕು: ಊಟದ ಆಸೆಗೆ ಅದುವರೆಗೆ ಶಾಲೆಯ ಮುಖ ಕಾಣದ ಮಕ್ಕಳು ಸೇರಿ ವಾರಕ್ಕೆ ಮೂರು ದಿನ ಬಂದರೆ, ಯೋಜನೆ ಗೆದ್ದಿದ್ದರೂ ಶೇಕಡಾವಾರು ಇಳಿಯುತ್ತದೆ. ಮೊದಲೇ ದಾಖಲಾಗಿದ್ದ ಮಕ್ಕಳನ್ನು ಪ್ರತ್ಯೇಕವಾಗಿ ನೋಡುವುದು ಅದಕ್ಕಾಗಿ.

ಹುಡುಗಿಯರನ್ನು ಬೇರೆಯಾಗಿ ಎಣಿಸುವುದೂ ಲಾಭದಾಯಕ. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಇದೇ ಬಗೆಯ ಅಧ್ಯಯನ ನಡೆಸಿದ ಅರ್ಥಶಾಸ್ತ್ರಜ್ಞೆ ಫರ್ಜಾನಾ ಆಫ್ರಿದಿ, ಒಂದನೇ ತರಗತಿಯ ಹುಡುಗಿಯರ ಹಾಜರಾತಿ 12 ಅಂಶಗಳಿಗೂ ಹೆಚ್ಚು ಏರಿದ್ದನ್ನು ಕಂಡರು. ಹುಡುಗರಲ್ಲಿ ಅಂಥ ಖಚಿತ ಏರಿಕೆ ಕಾಣಲಿಲ್ಲ. ಒಟ್ಟು ಸರಾಸರಿಯನ್ನಷ್ಟೇ ನೋಡಿದ್ದರೆ ಇದು ಮುಚ್ಚಿಹೋಗುತ್ತಿತ್ತು.

ಕೊನೆಯ ಪರೀಕ್ಷೆ 2003-04ರದು. ಆಗ ರೋಣಕ್ಕೂ ಊಟ ಬಂತು. ನಮ್ಮ 7 ನಿಜವಾದರೆ ಆ ವರ್ಷ ರೋಣ ಬೇಗಬೇಗ ಏರಿ, ಅಂತರ ಮತ್ತೆ ಹಳೆಯ 8ರತ್ತ ಹೋಗಬೇಕು. ಹೋಗದಿದ್ದರೆ ಮತ್ತೆ ಮೊದಲಿನಿಂದ ಹುಡುಕಬೇಕು. ಅಲ್ಲಿಂದಾಚೆಗೆ ಊಟವಿಲ್ಲದ ಬದಿಯೇ ಉಳಿಯುವುದಿಲ್ಲ. ಹಾಗಾಗಿ ಬಿಸಿಯೂಟದ ಐದನೇ ವರ್ಷದ ಅಥವಾ ಹತ್ತನೇ ವರ್ಷದ ಫಲವನ್ನು ಈ ಗಡಿಯಲ್ಲಿ ನಿಂತು ಅಳೆಯಲಾಗದು.